ಮಂಗಳದಲ್ಲಿ ಇಳಿಯುವುದು ತೂಕ, ಕಿಲೋಗ್ರಾಂ ಅಲ್ಲ

ಪ್ರಶ್ನೆ: ಮೇಡಂ, ನಮ್ಮದು ದಿನಸಿ ಅಂಗಡಿ. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಭೂಮಿಯ ಮೇಲೆ 60 ಕಿಲೋ ಇರುವವರ ತೂಕ ಮಂಗಳದಲ್ಲಿ ಎಷ್ಟು ಎಂಬ ಪ್ರಶ್ನೆಗೆ ಅವಳು "23 ಕಿಲೋಗ್ರಾಂ" ಎಂದು ಬರೆದಳು, ಶಿಕ್ಷಕರು ತಪ್ಪು ಹಾಕಿದರು. ಮೊಬೈಲಿನಲ್ಲಿ ನೋಡಿದರೂ 23 ಎಂದೇ ಬರುತ್ತದೆ. ಇಪ್ಪತ್ತು ವರ್ಷದಿಂದ ತೂಕ ಹಾಕುತ್ತಿರುವ ನನಗೆ ಕಿಲೋ ಎಂದರೆ ತೂಕವೇ. ಹಾಗಾದರೆ ತಪ್ಪು ಎಲ್ಲಿ? ಇನ್ನೊಂದು ಸಂಶಯವೂ ಇದೆ. ಬುಧ ಗ್ರಹ ಮಂಗಳಕ್ಕಿಂತ ಚಿಕ್ಕದು, ಆದರೆ ಬೇರೆ ಬೇರೆ ಗ್ರಹಗಳಲ್ಲಿ ತೂಕ ಎಷ್ಟೆಂದು ತೋರಿಸುವ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಅಂಕಿ ಕೊಟ್ಟಿದ್ದಾರೆ. ಅದು ಅಚ್ಚಿನ ತಪ್ಪೇ? ಗ್ರಹ ಚಿಕ್ಕದಾದಷ್ಟೂ ತೂಕ ಕಡಿಮೆಯಾಗಬೇಕಲ್ಲವೇ?

ಉತ್ತರ: ಅದು ಅಚ್ಚಿನ ತಪ್ಪಲ್ಲ, ಪಟ್ಟಿ ಸರಿಯಾಗಿಯೇ ಇದೆ. ನಿಮ್ಮ ಮಗಳ ಲೆಕ್ಕವೂ ಸರಿಯಾಗಿದೆ. ಕೊನೆಯಲ್ಲಿ ಬರೆದ "ಕಿಲೋಗ್ರಾಂ" ಎಂಬ ಮಾತು ಮಾತ್ರ ತಪ್ಪು. ಆದರೆ ಆ ಮಾತು ತಪ್ಪೇಕೆ ಎಂದು ತಿಳಿಯಬೇಕಾದರೆ ಮೊದಲು ನಿಮ್ಮ ಅಂಗಡಿಯ ತಕ್ಕಡಿಯಿಂದಲೇ ಶುರು ಮಾಡಬೇಕು, ಏಕೆಂದರೆ ಈ ಗೊಂದಲ ಹುಟ್ಟಿರುವುದು ಅಲ್ಲಿಯೇ. ಮೂವತ್ತು ವರ್ಷ ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿದ ಅನುಭವದಿಂದ ಹೇಳುವುದಾದರೆ, ಪದವಿಗೆ ಬರುವ ಮಕ್ಕಳಲ್ಲಿಯೂ ಹೆಚ್ಚಿನವರು ತೂಕ, ದ್ರವ್ಯರಾಶಿ ಎರಡರ ವ್ಯಾಖ್ಯೆಗಳನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾರೆ, ತಕ್ಕಡಿಯ ಎದುರು ನಿಲ್ಲಿಸಿ ಕೇಳಿದಾಗ ತಡವರಿಸುತ್ತಾರೆ.

ಅಂಗಡಿಗಳಲ್ಲಿ ಎರಡು ಬಗೆಯ ತಕ್ಕಡಿಗಳಿವೆ. ಹಳೆಯದು, ಎರಡು ತಟ್ಟೆಗಳದ್ದು: ಒಂದು ಕಡೆ ಬೇಳೆ, ಇನ್ನೊಂದು ಕಡೆ ತೂಕದ ಕಲ್ಲು. ಹೊಸದು, ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ. ಎರಡೂ ಒಂದೇ ಉತ್ತರ ಕೊಡುವುದರಿಂದ ಅವು ಒಂದೇ ಕೆಲಸ ಮಾಡುತ್ತಿವೆ ಎಂದು ನಾವು ನಂಬಿದ್ದೇವೆ. ನಿಜವಾಗಿ ಅವು ಅಳೆಯುವ ಸಂಗತಿಗಳೇ ಬೇರೆ.

ತಟ್ಟೆಗಳ ತಕ್ಕಡಿ ಹೋಲಿಸುತ್ತದೆ. ಭೂಮಿ ಬೇಳೆಯನ್ನೂ ಎಳೆಯುತ್ತದೆ, ಕಲ್ಲನ್ನೂ ಎಳೆಯುತ್ತದೆ. ಎರಡೂ ಎಳೆತಗಳು ಸಮವಾದಾಗ ದಂಡಿಗೆ ನೇರವಾಗಿ ನಿಲ್ಲುತ್ತದೆ. ಆಗ ನಿಮಗೆ ತಿಳಿಯುವುದು ಬೇಳೆಯಲ್ಲಿ ಆ ಕಲ್ಲಿನಲ್ಲಿರುವಷ್ಟೇ ದ್ರವ್ಯವಿದೆ ಎಂಬುದು. ಈ ದ್ರವ್ಯದ ಪ್ರಮಾಣಕ್ಕೆ ದ್ರವ್ಯರಾಶಿ ಎಂದು ಹೆಸರು, ಕಿಲೋಗ್ರಾಂ ಅದರ ಅಳತೆ. ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಹೋಲಿಸಲು ಕಲ್ಲಿಲ್ಲ. ಅಲ್ಲಿರುವುದು ಒಂದು ಲೋಹದ ತುಂಡು. ಮೇಲಿಟ್ಟ ಸಾಮಾನು ಒತ್ತಿದಷ್ಟೂ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗುವಿಕೆಯನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸಿ ಅಂಕಿಯಾಗಿ ತೋರಿಸುತ್ತದೆ. ಅಂದರೆ ಅದು ಅಳೆಯುವುದು ಒತ್ತುವ ಬಲವನ್ನು. ಒಂದು ವಸ್ತುವನ್ನು ಗ್ರಹವು ಎಳೆಯುವ ಬಲವೇ ಭೌತಶಾಸ್ತ್ರದಲ್ಲಿ ತೂಕ. ಬಲವಾದ್ದರಿಂದ ಅದನ್ನು ನ್ಯೂಟನ್‌ಗಳಲ್ಲಿ ಹೇಳಬೇಕು. ತಕ್ಕಡಿ ತಯಾರಿಸಿದವರು ಮಾತ್ರ "ಭೂಮಿಯ ಮೇಲೆ ಇಷ್ಟು ಬಲ ಬಿದ್ದರೆ ಅದು ಇಷ್ಟು ಕಿಲೋ ಇರಲೇಬೇಕು" ಎಂಬ ಲೆಕ್ಕವನ್ನು ಮೊದಲೇ ಒಳಗೆ ಕೂರಿಸಿ, ನ್ಯೂಟನ್ನನ್ನು ಮರೆಮಾಡಿ ಕಿಲೋವನ್ನಷ್ಟೇ ತೋರಿಸುತ್ತಾರೆ. ಭೂಮಿಯ ಮೇಲೆ ವ್ಯಾಪಾರಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ. ಗಿರಾಕಿಗೆ ಬೇಕಾದದ್ದು ಬೇಳೆಯ ಪ್ರಮಾಣವೇ ಹೊರತು ಭೂಮಿ ಅದನ್ನು ಎಳೆಯುವ ಬಲವಲ್ಲ. ಆದ್ದರಿಂದ ನೀವು ಇಪ್ಪತ್ತು ವರ್ಷದಿಂದ "ತೂಕ" ಎಂದು ಕರೆಯುತ್ತಿರುವುದು ವಿಜ್ಞಾನದ ಮಾತಿನಲ್ಲಿ ದ್ರವ್ಯರಾಶಿ. ನಿಮ್ಮ ವ್ಯವಹಾರದಲ್ಲಿ ತಪ್ಪಿಲ್ಲ, ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥಗಳಿವೆ ಅಷ್ಟೇ.

ಈಗ ಎರಡೂ ತಕ್ಕಡಿಗಳನ್ನು ಮಂಗಳಕ್ಕೆ ಒಯ್ದೆವು ಎಂದುಕೊಳ್ಳೋಣ. ಭೂಮಿಯ ಮೇಲೆ ಪ್ರತಿ ಕಿಲೋಗ್ರಾಂ ದ್ರವ್ಯವನ್ನು ನೆಲ ಸುಮಾರು 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಮಂಗಳದ ಮೇಲೆ ಸುಮಾರು 3.7 ನ್ಯೂಟನ್ ಬಲದಿಂದ. ತೂಕವನ್ನು W, ದ್ರವ್ಯರಾಶಿಯನ್ನು m, ಪ್ರತಿ ಕಿಲೋಗ್ರಾಂ ಮೇಲಿನ ಈ ಎಳೆತವನ್ನು g ಎಂದು ಬರೆದರೆ, 60 ಕಿಲೋಗ್ರಾಂ ದ್ರವ್ಯರಾಶಿಯ ವ್ಯಕ್ತಿಗೆ ಲೆಕ್ಕ ಹೀಗಾಗುತ್ತದೆ:

W = m × g
ಭೂಮಿ: 60 × 9.8 = 588 N
ಮಂಗಳ: 60 × 3.7 = 222 N

ಎಲೆಕ್ಟ್ರಾನಿಕ್ ತಕ್ಕಡಿಗೆ ತಾನು ಮಂಗಳದಲ್ಲಿದ್ದೇನೆಂದು ಗೊತ್ತಿಲ್ಲ. ಅದು 222 ನ್ಯೂಟನ್ನನ್ನು ಎಂದಿನಂತೆ 9.8ರಿಂದ ಭಾಗಿಸಿ ಸುಮಾರು 22.7 ಎಂದು ತೋರಿಸುತ್ತದೆ. ನಿಮ್ಮ ಮೊಬೈಲು ತೋರಿಸಿದ 23 ಇದೇ. ಅದು ಆ ವ್ಯಕ್ತಿಯ ದ್ರವ್ಯರಾಶಿಯಲ್ಲ, ದಾರಿತಪ್ಪಿದ ತಕ್ಕಡಿಯೊಂದು ತೋರಿಸುವ ಅಂಕಿ. ಅದೇ ವ್ಯಕ್ತಿಯನ್ನು ತಟ್ಟೆಗಳ ತಕ್ಕಡಿಯಲ್ಲಿ ಕೂರಿಸಿದರೆ ಇನ್ನೊಂದು ತಟ್ಟೆಗೆ 60 ಕಿಲೋ ಕಲ್ಲುಗಳೇ ಬೇಕಾಗುತ್ತವೆ, ಏಕೆಂದರೆ ಮಂಗಳದಲ್ಲಿ ಕಲ್ಲುಗಳ ಎಳೆತವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ 20 ಕಿಲೋ ಪ್ರಮಾಣದ ಕಲ್ಲನ್ನಿಟ್ಟು "ಇದು 20" ಎಂದು ಅದಕ್ಕೆ ಅಲ್ಲಿಯೇ ಹೊಸದಾಗಿ ಕಲಿಸಿದರೆ, ಅದೂ ಮತ್ತೆ 60 ಎಂದೇ ಹೇಳುತ್ತದೆ.

ಇದು ಬರಿಯ ಕಲ್ಪನೆಯ ಮಾತಲ್ಲ. ನಮ್ಮ ದೇಶದೊಳಗೂ ಇದು ಕಾಣಸಿಗುತ್ತದೆ. ಬೆಂಗಳೂರು ಭೂಮಧ್ಯರೇಖೆಗೆ ಹತ್ತಿರವಿದೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿಯೂ ಇದೆ. ಅದರಿಂದ ಇಲ್ಲಿನ ಎಳೆತ ದೆಹಲಿಯದಕ್ಕಿಂತ ಸಾವಿರಕ್ಕೆ ಒಂದು ಪಾಲಿನಷ್ಟು ಕಡಿಮೆ. ದೆಹಲಿಯಲ್ಲಿ ಸರಿಹೊಂದಿಸಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹಾಗೆಯೇ ತಂದು ಇಲ್ಲಿ ಬಳಸಿದರೆ 100 ಗ್ರಾಂ ಚಿನ್ನ ಸುಮಾರು 0.1 ಗ್ರಾಂ ಕಡಿಮೆ ತೋರಿಸುತ್ತದೆ. ಬೇಳೆಗೆ ಇದು ಲೆಕ್ಕಕ್ಕಿಲ್ಲ, ಚಿನ್ನಕ್ಕೆ ಖಂಡಿತ ಲೆಕ್ಕಕ್ಕಿದೆ. ಸೂಕ್ಷ್ಮ ತಕ್ಕಡಿಗಳನ್ನು ಬಳಸುವ ಜಾಗದಲ್ಲಿಯೇ ಪ್ರಮಾಣದ ಕಲ್ಲಿಟ್ಟು ಸರಿಹೊಂದಿಸಬೇಕು ಎನ್ನುವುದು ಇದಕ್ಕಾಗಿಯೇ. ಚಿನ್ನವೇನೂ ಕರಗಿಲ್ಲ, ನೆಲದ ಎಳೆತ ಬದಲಾಗಿದೆ.

ಇನ್ನು ನಿಮ್ಮ ಎರಡನೆಯ ಸಂಶಯ. ನನಗೆ ಬಹಳ ಪ್ರಿಯವಾದದ್ದು ಇದೇ, ಏಕೆಂದರೆ ಪಟ್ಟಿಯನ್ನು ಬಾಯಿಪಾಠ ಮಾಡುವವರಿಗೆ ಇಂಥ ಸಂಶಯ ಬರುವುದಿಲ್ಲ.

"ಗ್ರಹ ಚಿಕ್ಕದು" ಎಂದಾಗ ನಾವು ಎರಡು ಸಂಗತಿಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಒಂದು, ಅದರಲ್ಲಿ ದ್ರವ್ಯ ಕಡಿಮೆ ಇದೆ ಎಂಬುದು. ಇದು ಎಳೆತವನ್ನು ತಗ್ಗಿಸುತ್ತದೆ. ಇನ್ನೊಂದು, ಅದರ ಮೇಲ್ಮೈ ತನ್ನ ಕೇಂದ್ರಕ್ಕೆ ಹತ್ತಿರವಿದೆ ಎಂಬುದು. ಇದು ಎಳೆತವನ್ನು ಹೆಚ್ಚಿಸುತ್ತದೆ. ದೂರ ಅರ್ಧವಾದರೆ ಗುರುತ್ವದ ಎಳೆತ ನಾಲ್ಕು ಪಟ್ಟಾಗುತ್ತದೆ ಎಂಬುದು ನ್ಯೂಟನ್ನರ ನಿಯಮ. ಹೀಗೆ ಈ ಎರಡೂ ಒಂದಕ್ಕೊಂದು ಎದುರಾಗಿ ಕೆಲಸ ಮಾಡುತ್ತವೆ, ಉತ್ತರ ಬರುವುದು ಎರಡನ್ನೂ ಸೇರಿಸಿದ ಮೇಲೆ.

ಮಂಗಳವನ್ನೇ ತೆಗೆದುಕೊಳ್ಳಿ. ಅದರ ದ್ರವ್ಯರಾಶಿ ಭೂಮಿಯದರಲ್ಲಿ 0.107 ಪಾಲು, ಅಂದರೆ ಒಂಬತ್ತರಲ್ಲಿ ಒಂದು ಪಾಲಿಗಿಂತಲೂ ತುಸು ಕಡಿಮೆ. ದ್ರವ್ಯವೊಂದನ್ನೇ ನೋಡಿ ಉತ್ತರ ಹೇಳಿದರೆ 60 ಕಿಲೋ ವ್ಯಕ್ತಿ ಅಲ್ಲಿ ಏಳು ಕಿಲೋವಿಗಿಂತ ಕಡಿಮೆ ಭಾರದಂತೆ ಅನಿಸಬೇಕಿತ್ತು. ಆದರೆ ಮಂಗಳದ ತ್ರಿಜ್ಯ 3,390 ಕಿಲೋಮೀಟರ್, ಭೂಮಿಯದು 6,371, ಅಂದರೆ 0.532 ಪಾಲು. ಕೇಂದ್ರಕ್ಕೆ ಇಷ್ಟು ಹತ್ತಿರ ನಿಂತದ್ದರಿಂದ ಎಳೆತ ಸುಮಾರು 3.5 ಪಟ್ಟು ಏರುತ್ತದೆ. 0.107ನ್ನು ಅದರಿಂದ ಗುಣಿಸಿದರೆ ಸುಮಾರು 0.38 ಬರುತ್ತದೆ. ಮಂಗಳದ ಮೇಲಿನ ತೂಕ ಭೂಮಿಯ ಮೇಲಿನದರ ಶೇಕಡಾ 38ರಷ್ಟು ಎನ್ನುವುದು ಬಂದದ್ದು ಹೀಗೆ.

ಬುಧನ ದ್ರವ್ಯರಾಶಿ ಇನ್ನೂ ಕಡಿಮೆ, ಭೂಮಿಯದರಲ್ಲಿ 0.055 ಪಾಲು, ಮಂಗಳದ ಅರ್ಧದಷ್ಟು. ಆದರೆ ಅದರ ತ್ರಿಜ್ಯ 2,440 ಕಿಲೋಮೀಟರ್ ಮಾತ್ರ, ಭೂಮಿಯದರಲ್ಲಿ 0.383 ಪಾಲು. ಹತ್ತಿರವಾದದ್ದರ ಲಾಭ ಇಲ್ಲಿ ಸುಮಾರು 6.8 ಪಟ್ಟು. 0.055ನ್ನು 6.8ರಿಂದ ಗುಣಿಸಿದರೂ ಸುಮಾರು 0.38 ಹತ್ತಿರವೇ ಬರುತ್ತದೆ. ಪಟ್ಟಿಯಲ್ಲಿ ಒಂದೇ ಅಂಕಿ ಬಂದದ್ದು ಇದರಿಂದ. ದ್ರವ್ಯದಲ್ಲಿ ಬುಧ ಕಳೆದುಕೊಂಡದ್ದನ್ನು ಅದರ ಬಿಗಿಯಾದ ಗಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಮರಳಿಸಿಬಿಟ್ಟಿದೆ.

ಇದನ್ನು ಇನ್ನೊಂದು ಬಗೆಯಲ್ಲಿ ನೋಡಿದರೆ ಕಾರಣ ಹೆಚ್ಚು ತಿಳಿಯಾಗುತ್ತದೆ. ಒಂದೇ ಜಾತಿಯ ಕಲ್ಲಿನಿಂದ ಎರಡು ಗೋಳ ಮಾಡಿ, ಎರಡನೆಯದರ ತ್ರಿಜ್ಯ ಮೊದಲನೆಯದರ ಇಮ್ಮಡಿ ಇರಲಿ. ದೊಡ್ಡ ಗೋಳದಲ್ಲಿ ಎಂಟು ಪಟ್ಟು ಕಲ್ಲಿರುತ್ತದೆ, ಆದರೆ ಅದರ ಮೇಲೆ ನಿಂತವರು ಕೇಂದ್ರದಿಂದ ಎರಡು ಪಟ್ಟು ದೂರವಿರುವುದರಿಂದ ಎಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಎಂಟನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಎರಡೇ. ಆದ್ದರಿಂದ ಗ್ರಹದ ಮೇಲ್ಮೈಯಲ್ಲಿನ ಎಳೆತ ತ್ರಿಜ್ಯಕ್ಕೆ ಸರಿಯಾಗಿ ಏರುತ್ತದೆ, ಜೊತೆಗೆ ಅದು ಎಷ್ಟು ಸಾಂದ್ರವಾದ ವಸ್ತುವಿನಿಂದ ಆಗಿದೆಯೋ ಅದಕ್ಕೂ ಸರಿಯಾಗಿ ಏರುತ್ತದೆ. ತ್ರಿಜ್ಯದ ಪಾಲನ್ನು ಸಾಂದ್ರತೆಯ ಪಾಲಿನಿಂದ ಗುಣಿಸಿದರೆ ಸಾಕು. ಮಂಗಳದ ಸರಾಸರಿ ಸಾಂದ್ರತೆ ನೀರಿನ 3.9 ಪಟ್ಟು, ಬುಧನದು 5.4 ಪಟ್ಟು, ಭೂಮಿಯದು 5.5 ಪಟ್ಟು. ಬುಧ ಗಾತ್ರದಲ್ಲಿ ಸಣ್ಣದಾದರೂ ಸಾಂದ್ರತೆಯಲ್ಲಿ ಭೂಮಿಯ ಸರಿಸಮಕ್ಕೆ ಬಂದು ನಿಲ್ಲುತ್ತದೆ, ಏಕೆಂದರೆ ಅದರೊಳಗಿನ ಬಹುಭಾಗ ಕಬ್ಬಿಣ. ಅದನ್ನು 2011ರಿಂದ 2015ರವರೆಗೆ ಸುತ್ತಿದ ಮೆಸೆಂಜರ್ ನೌಕೆಯ ಅಳತೆಗಳ ಪ್ರಕಾರ ಬುಧನ ಕಬ್ಬಿಣದ ತಿರುಳಿನ ತ್ರಿಜ್ಯ ಸುಮಾರು 2,000 ಕಿಲೋಮೀಟರ್. ಅದರ ಮೇಲೆ ಕಲ್ಲಿನ ಹೊದಿಕೆ ಇರುವುದು ನಾನೂರು ಕಿಲೋಮೀಟರ್ ಆಸುಪಾಸು ಮಾತ್ರ. ಕಬ್ಬಿಣದ ಗುಂಡಿಗೆ ಮಣ್ಣು ಮೆತ್ತಿದಂತೆ ಎನ್ನಬಹುದು.

ಇದೇ ಕಾರಣಕ್ಕೆ "ದೊಡ್ಡ ಗ್ರಹದಲ್ಲಿ ತೂಕ ಹೆಚ್ಚು" ಎಂಬ ಮಾತೂ ಯಾವಾಗಲೂ ನಿಲ್ಲುವುದಿಲ್ಲ. ಯುರೇನಸ್ಸಿನ ದ್ರವ್ಯರಾಶಿ ಭೂಮಿಯ ಹದಿನಾಲ್ಕು ಪಟ್ಟಿಗೂ ಮೀರಿದೆ, ಆದರೂ ಅದರ ಮೋಡಗಳ ಮಟ್ಟದಲ್ಲಿ ತೂಕ ಇಲ್ಲಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯೇ.

ನನ್ನ ವಿದ್ಯಾರ್ಥಿಗಳು ಪದೇ ಪದೇ ಹೇಳುತ್ತಿದ್ದ ಒಂದು ತಪ್ಪನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ: ಮಂಗಳದಲ್ಲಿ ಗಾಳಿ ತೆಳುವಾದ್ದರಿಂದ ತೂಕ ಕಡಿಮೆ ಎಂಬುದು. ಗಾಳಿ ನಮ್ಮನ್ನು ನೆಲಕ್ಕೆ ಒತ್ತಿ ಹಿಡಿದಿಲ್ಲ. ನೀರು ಕೊಡವನ್ನು ಮೇಲಕ್ಕೆತ್ತುವಂತೆ ಗಾಳಿಯೂ ನಮ್ಮನ್ನು ತುಸುವೇ ಮೇಲಕ್ಕೆತ್ತುತ್ತದೆ; 60 ಕಿಲೋ ವ್ಯಕ್ತಿಗೆ ಅದು ಸುಮಾರು 70 ಗ್ರಾಂ ಭಾರದಷ್ಟು. ಗಾಳಿಯೇ ಇಲ್ಲದಿದ್ದರೆ ತಕ್ಕಡಿ ಅಷ್ಟು ಹೆಚ್ಚು ತೋರಿಸುತ್ತಿತ್ತೇ ಹೊರತು ಕಡಿಮೆಯಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಉತ್ತರ 23 ಎಂದಿರಲಿ, 222 ನ್ಯೂಟನ್ ಎಂದಿರಲಿ, ಅದರಿಂದ ಆಗುವ ವ್ಯತ್ಯಾಸವೇನು ಎಂದು ನಿಮ್ಮ ಮಗಳು ಕೇಳಬಹುದು, ಕೇಳಬೇಕು. ವ್ಯತ್ಯಾಸವಾಗುವುದು ವಸ್ತುವನ್ನು ಎತ್ತುವಾಗ ಅಲ್ಲ, ಅಡ್ಡಲಾಗಿ ತಳ್ಳುವಾಗ ಮತ್ತು ಓಡುತ್ತಿರುವುದನ್ನು ನಿಲ್ಲಿಸುವಾಗ.

ಅಂಗಡಿಯಲ್ಲಿಯೇ ನೋಡಿ. ಒಂದು ಖಾಲಿ ಬುಟ್ಟಿಯನ್ನು ಉದ್ದನೆಯ ಹಗ್ಗದಿಂದ ಜಂತಿಗೆ ತೂಗುಹಾಕಿ, ಬೆರಳಿನಿಂದ ಅಡ್ಡಲಾಗಿ ತಳ್ಳಿ. ತಟಕ್ಕನೆ ಸರಿಯುತ್ತದೆ. ಈಗ ಅದೇ ಬುಟ್ಟಿಯಲ್ಲಿ 25 ಕಿಲೋ ಅಕ್ಕಿ ಚೀಲವನ್ನಿಟ್ಟು ತಳ್ಳಿ. ಅಕ್ಕಿಯ ಭಾರವನ್ನು ಹಗ್ಗ ಹೊತ್ತಿದೆ, ನೀವೇನೂ ಎತ್ತುತ್ತಿಲ್ಲ. ಆದರೂ ಅದು ಮೊದಮೊದಲು ಮಿಸುಕುವುದಿಲ್ಲ, ನಿಧಾನವಾಗಿ ಹೊರಡುತ್ತದೆ, ಹೊರಟ ಮೇಲೆ ತಡೆದರೆ ಕೈಯನ್ನೇ ಹಿಂದಕ್ಕೆ ತಳ್ಳುತ್ತದೆ. ನಿಮ್ಮ ಬೆರಳಿಗೆ ಆಗ ತಾಗಿದ್ದು ಅಕ್ಕಿಯ ತೂಕವಲ್ಲ, ಅದರ ಜಡತ್ವ. ದ್ರವ್ಯರಾಶಿಯನ್ನು ನೇರವಾಗಿ ಮುಟ್ಟಿ ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ. ಮಂಗಳದಲ್ಲಿ ಆ ಚೀಲವನ್ನು ಎತ್ತಲು ಇಲ್ಲಿ ಒಂಬತ್ತೂವರೆ ಕಿಲೋ ಎತ್ತಿದಷ್ಟೇ ಶ್ರಮ ಸಾಕು, ಆದರೆ ಯಾರಾದರೂ ಅದನ್ನು ನಿಮ್ಮತ್ತ ಎಸೆದರೆ ಹಿಡಿಯುವಾಗ ಎದೆಗೆ ಬೀಳುವ ಹೊಡೆತ ಇಲ್ಲಿನಷ್ಟೇ ಇರುತ್ತದೆ.

ಬಾಹ್ಯಾಕಾಶ ಯಾತ್ರಿಗಳ ದ್ರವ್ಯರಾಶಿಯನ್ನು ಅಳೆಯುವುದೂ ಇದೇ ಉಪಾಯದಿಂದ. ಭೂಮಿಯನ್ನು ಸುತ್ತುವ ನಿಲ್ದಾಣದಲ್ಲಿ ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ಯಾವ ತಕ್ಕಡಿಯ ಮೇಲೂ ಒತ್ತಡ ಬೀಳುವುದಿಲ್ಲ. 1973ರಲ್ಲಿ ಹಾರಿದ ಸ್ಕೈಲ್ಯಾಬ್‌ನಲ್ಲಿ ಯಾತ್ರಿಗಳು ಸ್ಪ್ರಿಂಗ್ ಕಟ್ಟಿದ ಕುರ್ಚಿಯಲ್ಲಿ ಕುಳಿತು ಹಿಂದೆ ಮುಂದೆ ತೂಗಿಕೊಳ್ಳುತ್ತಿದ್ದರು. ದ್ರವ್ಯ ಹೆಚ್ಚಿದ್ದಷ್ಟೂ ಒಂದು ತೂಗಿಗೆ ಹೆಚ್ಚು ಸಮಯ ಹಿಡಿಯುತ್ತದೆ. ಆ ಸಮಯದಿಂದ ಕಿಲೋಗ್ರಾಂ ಲೆಕ್ಕ ಹಾಕುತ್ತಿದ್ದರು. ಗುರುತ್ವದ ಹಂಗೇ ಇಲ್ಲದ ಅಳತೆ ಅದು.

ಮಂಗಳದಲ್ಲಿ ಗಾಡಿ ಓಡಿಸುವವರಿಗೆ ಈ ವ್ಯತ್ಯಾಸ ಅಪಾಯದ ಸಂಗತಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿಗೆ ಬ್ರೇಕ್ ಹಾಕಿದರೆ, ಚಕ್ರ ನೆಲವನ್ನು ಸಾಧಾರಣವಾಗಿ ಹಿಡಿಯುವ ಕಡೆ ಇಲ್ಲಿ ಅದು ಸುಮಾರು 10 ಮೀಟರಿನಲ್ಲಿ ನಿಲ್ಲುತ್ತದೆ. ಚಕ್ರದ ಹಿಡಿತ ತೂಕವನ್ನು ಅವಲಂಬಿಸಿದೆ, ಮಂಗಳದಲ್ಲಿ ಅದು ಶೇಕಡಾ 38ಕ್ಕೆ ಇಳಿದಿರುತ್ತದೆ. ನಿಲ್ಲಿಸಬೇಕಾದ ದ್ರವ್ಯರಾಶಿ ಮಾತ್ರ ಒಂದು ಗ್ರಾಂ ಕೂಡ ಇಳಿದಿರುವುದಿಲ್ಲ. ಅಂಥದೇ ನೆಲದಲ್ಲಿ ಗಾಡಿ ಸುಮಾರು 27 ಮೀಟರ್ ಜಾರಿಕೊಂಡು ಹೋಗಿ ನಿಲ್ಲುತ್ತದೆ. ಗಾಡಿ "ಹಗುರವಾಗಿದೆ" ಎಂದುಕೊಂಡವರು ಹಳ್ಳಕ್ಕೆ ಬೀಳುವುದು ಇಲ್ಲಿಯೇ.

ಮಂಗಳದ ಗಾಡಿಗಳನ್ನು ತಯಾರಿಸುವವರು ಇದನ್ನು ಹೇಗೆ ನಿಭಾಯಿಸುತ್ತಾರೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯಿದೆ. 2012ರಲ್ಲಿ ಮಂಗಳದಲ್ಲಿ ಇಳಿದ ಕ್ಯೂರಿಯಾಸಿಟಿ ಗಾಡಿಯ ದ್ರವ್ಯರಾಶಿ 899 ಕಿಲೋಗ್ರಾಂ. ಅದರ ಚಕ್ರಗಳು ಮರಳಿನಲ್ಲಿ ಎಷ್ಟು ಹೂಳುತ್ತವೆ, ಇಳಿಜಾರಿನಲ್ಲಿ ಎಷ್ಟು ಜಾರುತ್ತವೆ ಎಂದು ತಿಳಿಯಲು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಒಂದು ಪರೀಕ್ಷಾ ಗಾಡಿಯನ್ನು ಇಟ್ಟುಕೊಂಡಿದ್ದಾರೆ. ಪೂರ್ತಿ 899 ಕಿಲೋ ಗಾಡಿಯನ್ನು ಭೂಮಿಯ ಮೇಲೆ ಓಡಿಸಿದರೆ ಚಕ್ರಗಳು ಮಂಗಳದಲ್ಲಿ ಹೂಳುವುದಕ್ಕಿಂತ ಹೆಚ್ಚು ಹೂಳುತ್ತವೆ. ಅದಕ್ಕಾಗಿ ಈ ಗಾಡಿಯಲ್ಲಿ ಕಂಪ್ಯೂಟರ್ ಮೊದಲಾದ ಭಾಗಗಳನ್ನೇ ಇಟ್ಟಿಲ್ಲ. ಎಂಟರಲ್ಲಿ ಮೂರು ಪಾಲಿನಷ್ಟು ದ್ರವ್ಯವನ್ನು ಮಾತ್ರ ಉಳಿಸಿಕೊಂಡು, ಚಕ್ರದ ಮೇಲೆ ಮಂಗಳದಲ್ಲಿ ಬೀಳುವಷ್ಟೇ ಭಾರ ಇಲ್ಲಿಯೂ ಬೀಳುವಂತೆ ಮಾಡಿದ್ದಾರೆ. ತಲೆಯಲ್ಲಿ ಮಿದುಳಿಲ್ಲದ ಗಾಡಿಯೆಂದು ಅದಕ್ಕೆ ಸ್ಕೇರ್‌ಕ್ರೋ, ಅಂದರೆ ಬೆದರುಬೊಂಬೆ, ಎಂದು ಹೆಸರು. ಆದರೆ ಗಮನಿಸಿ: ಅದು ಮಂಗಳದ ತೂಕವನ್ನು ಅನುಕರಿಸುತ್ತದೆ, ದ್ರವ್ಯರಾಶಿಯನ್ನಲ್ಲ. ನಿಧಾನವಾಗಿ ತೆವಳುವ ಗಾಡಿಯ ಚಕ್ರದ ಹಿಡಿತವನ್ನು ಪರೀಕ್ಷಿಸಲು ಅದು ಸರಿ. ಬಂಡೆಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂದು ತಿಳಿಯಲು ಅದು ಸಾಲದು, ಏಕೆಂದರೆ ಡಿಕ್ಕಿಯನ್ನು ನಿರ್ಧರಿಸುವುದು ದ್ರವ್ಯರಾಶಿ.

ಇನ್ನು ಉತ್ತರಪತ್ರಿಕೆಯ ವಿಷಯ. ಇದನ್ನು ಮೂರು ಬಗೆಯಲ್ಲಿ ಬರೆಯಬಹುದು. "222 ನ್ಯೂಟನ್" ಎಂದು ಬರೆದರೆ ಎಲ್ಲಿಯೂ ತಕರಾರಿಲ್ಲ. ಅದರ ತೊಂದರೆ ಒಂದೇ, 222 ನ್ಯೂಟನ್ ಎಂದರೆ ಎಷ್ಟು ಭಾರ ಎಂದು ಮಗುವಿನ ಕೈಗೆ ಅನಿಸುವುದಿಲ್ಲ. ಸುಮಾರು ನೂರು ಗ್ರಾಂ ವಸ್ತುವನ್ನು ಅಂಗೈಯಲ್ಲಿ ಹಿಡಿದರೆ ತಾಗುವ ಒತ್ತಡವೇ ಒಂದು ನ್ಯೂಟನ್ ಎಂದು ತೋರಿಸಿಕೊಟ್ಟರೆ ಅದು ನೀಗುತ್ತದೆ. ಎರಡನೆಯದು, "ಭೂಮಿಯ ಮೇಲೆ 23 ಕಿಲೋ ಹೊತ್ತಾಗ ಅನಿಸುವಷ್ಟು ಭಾರ" ಎಂದು ವಾಕ್ಯದಲ್ಲಿ ಹೇಳುವುದು. ಅರ್ಥದಲ್ಲಿ ಇದು ಸರಿ, ಮನೆಯಲ್ಲಿ ವಿವರಿಸಲು ಬಹಳ ಒಳ್ಳೆಯದು, ಆದರೆ "ಭೂಮಿಯ ಮೇಲೆ" ಎಂಬ ಮಾತು ಬಿಟ್ಟುಹೋದ ಕೂಡಲೇ ತಪ್ಪಾಗುತ್ತದೆ. ಮೂರನೆಯದು ಹಳೆಯ ಪುಸ್ತಕಗಳಲ್ಲಿರುವ ಕಿಲೋಗ್ರಾಂ-ಬಲ ಎಂಬ ಅಳತೆ, ಇದರಲ್ಲಿ 22.7 ಎಂದು ಬರೆಯುವುದು ತಪ್ಪಲ್ಲ, ಆದರೆ "ಬಲ" ಎಂಬ ಬಾಲ ಮರೆತುಹೋಗುವುದು ಬಹಳ ಸುಲಭ, ಇಂದಿನ ಪರೀಕ್ಷೆಗಳಲ್ಲಿ ಅದನ್ನು ಕೇಳುವುದೂ ಇಲ್ಲ. ನಾನಾಗಿದ್ದರೆ ಮೊದಲನೆಯದನ್ನೇ ಬರೆಸುತ್ತಿದ್ದೆ. ಶಿಕ್ಷಕರು ಅಳತೆಯ ಹೆಸರಿಗಾಗಿ ತಪ್ಪು ಹಾಕಿದ್ದರೆ ಅದು ನ್ಯಾಯವೇ. ಲೆಕ್ಕದ ಹಂತಗಳಿಗೆ ಅಂಕ ಕೊಟ್ಟಿಲ್ಲದಿದ್ದರೆ ಅದನ್ನು ಅವರಲ್ಲಿ ವಿನಯದಿಂದ ಕೇಳಲು ಅಡ್ಡಿಯಿಲ್ಲ.

ಮನೆಯಲ್ಲಿ ನಿಂತು ತೂಕ ನೋಡುವ ಯಂತ್ರವಿದ್ದು, ಹತ್ತಿರದಲ್ಲಿ ಲಿಫ್ಟ್ ಇರುವ ಕಟ್ಟಡವಿದ್ದರೆ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ. ಮುಳ್ಳಿರುವ ಹಳೆಯ ಬಗೆಯ ಯಂತ್ರವೇ ಇದಕ್ಕೆ ವಾಸಿ; ಅಂಕಿ ತೋರಿಸುವವು ಕೆಲವು ಕ್ಷಣ ಕಾದು ಒಂದು ಅಂಕಿಗೆ ನಿಂತುಬಿಡುವುದರಿಂದ ಬದಲಾವಣೆ ಕಾಣಿಸದೆ ಹೋಗಬಹುದು. ನಮ್ಮ ಕಾಲೇಜಿನ ಲಿಫ್ಟಿನಲ್ಲಿ ನಾನು ಇದನ್ನು ವರ್ಷ ವರ್ಷವೂ ಮಾಡಿಸುತ್ತಿದ್ದೆ. 60 ಕಿಲೋ ಹುಡುಗನೊಬ್ಬ ಯಂತ್ರದ ಮೇಲೆ ನಿಂತಿರುವಾಗ ಲಿಫ್ಟ್ ಮೇಲಕ್ಕೆ ಹೊರಟ ಕ್ಷಣದಲ್ಲಿ ಮುಳ್ಳು 63ರ ಆಸುಪಾಸಿಗೆ ಜಿಗಿಯುತ್ತದೆ, ಸಮವೇಗದಲ್ಲಿ ಹೋಗುವಾಗ 60ಕ್ಕೆ ಮರಳುತ್ತದೆ, ಮೇಲಿನ ಮಹಡಿಯಲ್ಲಿ ನಿಲ್ಲುವ ಮುಂಚೆ 57ಕ್ಕೆ ಇಳಿಯುತ್ತದೆ. ಅರ್ಧ ನಿಮಿಷದಲ್ಲಿ ಹುಡುಗ ಮೂರು ಕಿಲೋ ದಪ್ಪವಾಗಿ ಮತ್ತೆ ಆರು ಕಿಲೋ ಸೊರಗಲು ಸಾಧ್ಯವಿಲ್ಲ. ಮುಳ್ಳು ಆಡಿದಾಗ ಮಗಳಿಗೆ ಒಂದೇ ಪ್ರಶ್ನೆ ಕೇಳಿ: ಬದಲಾದದ್ದು ನೀನೋ, ಯಂತ್ರದ ಮೇಲೆ ಬಿದ್ದ ಒತ್ತಡವೋ?